ಒಂದೇ ಗಾಜಿನ ಮೇಲೆ ನಾಲ್ಕು ಎಣ್ಣೆ: ಸ್ಕ್ವಾಲೇನ್, ಮಿನರಲ್ ಆಯಿಲ್, ಜೊಜೊಬಾ, ರೋಸ್‌ಹಿಪ್

ಎಡದಿಂದ ಬಾಟ್ಲಿಗಳನ್ನು ನೋಡಿಕೊಂಡು ಬನ್ನಿ. ಸ್ಕ್ವಾಲೇನ್, ಮಿನರಲ್ ಆಯಿಲ್, ಜೊಜೊಬಾ, ರೋಸ್‌ಹಿಪ್. ಮೊದಲ ಎರಡಕ್ಕೂ ಬಣ್ಣವೇ ಇಲ್ಲ, ನೀರಿನ ಹಾಗೆ ತಿಳಿ. ಜೊಜೊಬಾ ತಿಳಿ ಬಂಗಾರದ ಬಣ್ಣ. ಕೊನೆಯದು ಕಿತ್ತಳೆ ಕೆಂಪಿಗೆ ತಿರುಗಿರಬೇಕಿತ್ತು. ಇದು ಪೇಲವವಾಗಿದೆ. ಅದರ ವಿಷಯಕ್ಕೆ ಬರುತ್ತೇನೆ, ಬಾಟ್ಲಿ ತೆರೆಯುವ ಶಾಟ್ ಮುಂದೆ ಇದೆ.

ಮುಖಕ್ಕೆ ಯಾವ ಎಣ್ಣೆ ಒಳ್ಳೆಯದು ಅಂತ ಕೇಳಿದರೆ ಎಲ್ಲರೂ ವಿಟಮಿನ್ ಲೆಕ್ಕ ಹೇಳುತ್ತಾರೆ. ನಾನು ಮೊದಲು ನೋಡುವುದು ಬೇರೆ: ಈ ಎಣ್ಣೆ ಗಾಳಿಗೆ ಕೆಡುತ್ತದೆಯೋ ಇಲ್ಲವೋ. ಅದಕ್ಕೇ ಈ ಗಾಜಿನ ಪಟ್ಟಿ. ನಾಲ್ಕೂ ಎಣ್ಣೆಯ ಒಂದೊಂದು ಹನಿ ತೆಳ್ಳಗೆ ಸವರಿ, ಕಿಟಕಿ ಪಕ್ಕ ಕೆಲವು ವಾರ ಬಿಟ್ಟಿದ್ದೆ. ಈಗ ಬೆರಳು ಇಡುತ್ತಿದ್ದೇನೆ. ಸ್ಕ್ವಾಲೇನ್ ಜಾರುತ್ತಿದೆ. ಮಿನರಲ್ ಆಯಿಲ್ ಕೂಡ ಜಾರುತ್ತಿದೆ. ಜೊಜೊಬಾನೂ ಹಾಗೇ ಇದೆ. ರೋಸ್‌ಹಿಪ್ ನೋಡಿ, ಬೆರಳು ಅಂಟಿಕೊಂಡು ಮೇಲೆ ಬರುತ್ತಿದೆ. ಇದು ಹಳೆಯ ಬಾಟ್ಲಿಯ ಒಳ್ಳೆಯ ಎಣ್ಣೆ, ಹಚ್ಚಿದಾಗ ಏನೂ ದೋಷ ಇರಲಿಲ್ಲ.

ಕಾರಣ ಸರಳ. ರೋಸ್‌ಹಿಪ್ ಬೀಜದ ಎಣ್ಣೆಯಲ್ಲಿ ಬಹುಪಾಲು ಲಿನೋಲಿಕ್ ಮತ್ತು ಲಿನೋಲೆನಿಕ್ ಆಮ್ಲ. ಎರಡರಲ್ಲೂ ಇಂಗಾಲದ ಪರಮಾಣುಗಳ ನಡುವೆ ಒಂದಕ್ಕಿಂತ ಜಾಸ್ತಿ ಜೋಡಿ ಬಂಧ ಇರುತ್ತದೆ. ಆಮ್ಲಜನಕ ಕಚ್ಚುವುದೇ ಅಲ್ಲಿ. ಚಿತ್ರ ಬರೆಯುವವರು ಬಣ್ಣಕ್ಕೆ ಅಗಸೆ ಎಣ್ಣೆ ಬೆರೆಸುವುದು ಅದು ಗಾಳಿಗೆ ಗಟ್ಟಿ ಪದರವಾಗುತ್ತದೆ ಅಂತ. ರೋಸ್‌ಹಿಪ್ ಅಷ್ಟು ಗಟ್ಟಿ ಆಗುವುದಿಲ್ಲ, ಆದರೆ ದಾರಿ ಅದೇ. ಸ್ಕ್ವಾಲೇನ್‌ನಲ್ಲೂ ಮಿನರಲ್ ಆಯಿಲ್‌ನಲ್ಲೂ ಜೋಡಿ ಬಂಧವೇ ಇಲ್ಲ. ಜೊಜೊಬಾದಲ್ಲಿ ಇದೆ, ಆದರೆ ದೂರ ದೂರ. ಹಾಗಾಗಿ ಅದು ನಿಧಾನ.

ಸರಿ, ಈಗ ರೋಸ್‌ಹಿಪ್‌ನ ಹೊಸ ಬಾಟ್ಲಿ. ಸೀಲ್ ನಿಮ್ಮ ಎದುರೇ ಒಡೆಯುತ್ತಿದ್ದೇನೆ. ಮೂಗಿಗೆ ಹಿಡಿದ ತಕ್ಷಣ ಗೊತ್ತಾಯಿತು, ಕಮಟು. ಹಳೆಯ ಮೇಣದ ಬಳಪ, ಅದಕ್ಕೆ ಸ್ವಲ್ಪ ಪೇಂಟ್ ವಾಸನೆ ಸೇರಿದ ಹಾಗೆ. ಮುಚ್ಚಳದ ಎಳೆಗಳಲ್ಲಿ ಹಳದಿ ಅಂಟು ಕೂಡ ಕಟ್ಟಿದೆ, ಹತ್ತಿರದಿಂದ ತೋರಿಸುತ್ತೇನೆ. ಸೀಲ್ ಇದ್ದ ಬಾಟ್ಲಿಯೇ ಹೀಗೆ. ಮಾರಿದವರಿಗೆ ಬರೆದೆ. ಬಂದ ಉತ್ತರ: "ನೈಸರ್ಗಿಕ ಎಣ್ಣೆ ಅಲ್ವಾ ಮೇಡಂ, ವಾಸನೆ ಹಾಗೇ ಇರುತ್ತೆ."

ಇಲ್ಲ, ಹಾಗೆ ಇರುವುದಿಲ್ಲ! ತಾಜಾ ರೋಸ್‌ಹಿಪ್‌ಗೆ ವಾಸನೆ ಇದೆ, ಒಪ್ಪುತ್ತೇನೆ. ಮಣ್ಣಿನ ವಾಸನೆ, ಮರದ ವಾಸನೆ. ಮೂಗು ಸುಡುವ ಕಮಟು ಅಲ್ಲ. ಬಣ್ಣವೂ ಹೇಳುತ್ತದೆ: ಕಿತ್ತಳೆ ಬಣ್ಣ ಬರುವುದು ಕೆರೋಟಿನಾಯ್ಡ್‌ಗಳಿಂದ, ಎಣ್ಣೆ ಕೆಡುವಾಗ ಅವೂ ಒಡೆದು ಮಾಸುತ್ತವೆ. ಸಂಸ್ಕರಿಸಿದ ಎಣ್ಣೆಯಾದರೆ ಪೇಲವ ಬಣ್ಣ ಸಹಜ, ಆದರೆ ಈ ಲೇಬಲ್ ಮೇಲೆ ಸಂಸ್ಕರಿಸದ ಎಣ್ಣೆ ಅಂತಲೇ ಇದೆ. ಬಾಟ್ಲಿ ಬೇರೆ ಪಾರದರ್ಶಕ ಗಾಜಿನದು, ಬೆಳಕು ನೇರವಾಗಿ ಒಳಗೆ. ಎಣ್ಣೆ ತೆಗೆದ ತಾರೀಖಂತೂ ಎಲ್ಲೂ ಇಲ್ಲ, ಬರೀ ಬ್ಯಾಚ್ ನಂಬರ್. ನನಗೆ ಸಿಟ್ಟು ಬಂದಿರುವುದು ಅದಕ್ಕೇ. ಕೆಟ್ಟ ಎಣ್ಣೆ ಹಚ್ಚಿ ಮುಖ ಉರಿದರೆ ಜನ ತಮ್ಮ ಚರ್ಮವೇ ಸೂಕ್ಷ್ಮ ಅಂದುಕೊಂಡು ಸುಮ್ಮನಾಗುತ್ತಾರೆ. ಎಣ್ಣೆಯ ಮೇಲೆ ಅನುಮಾನವೇ ಬರುವುದಿಲ್ಲ.

ಇದೇ ಲೇಬಲ್ ಮೇಲೆ "ವಿಟಮಿನ್ ಸಿ ತುಂಬಿದೆ" ಅಂತಲೂ ಇದೆ. ವಿಟಮಿನ್ ಸಿ ನೀರಿನಲ್ಲಿ ಕರಗುವಂಥದ್ದು. ಅದು ಇರುವುದು ರೋಸ್‌ಹಿಪ್ ಹಣ್ಣಿನಲ್ಲಿ, ಬೀಜದಿಂದ ತೆಗೆದ ಎಣ್ಣೆಗೆ ಬರುವುದಿಲ್ಲ. ಸುಕ್ಕಿಗೆ ಹಚ್ಚುವ ರೆಟಿನಾಲ್ ಬದಲು ಇದು ಸಾಕು ಅನ್ನುವುದೂ ಅಷ್ಟೇ. ಅದಕ್ಕೆ ಸಂಬಂಧಪಟ್ಟ ಅಂಶ ಲೇಶಮಾತ್ರ ಇದ್ದರೂ ರೆಟಿನಾಲ್ ಮಾಡುವ ಕೆಲಸ ಆಗುವಷ್ಟು ಅಲ್ಲ. ಹಾಗಂತ ರೋಸ್‌ಹಿಪ್ ಬೇಡವೇ ಬೇಡ ಅನ್ನುವುದಿಲ್ಲ. ತಾಜಾ ಸಿಕ್ಕಿದರೆ ಹಗುರವಾದ, ಒಳ್ಳೆಯ ಎಣ್ಣೆ.

ಅಯ್ಯೋ, ಜೊಜೊಬಾ ಫ್ರಿಜ್‌ನಲ್ಲೇ ಇದೆ. ತಂದಿದ್ದೇನೆ, ನೋಡಿ. ಬೆಣ್ಣೆಯ ಹಾಗೆ ಗಟ್ಟಿಯಾಗಿದೆ. ಇದು ನಿಜವಾಗಿ ಎಣ್ಣೆ ಅಲ್ಲ, ದ್ರವ ಮೇಣ. ಸುಮಾರು 10 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೋದರೆ ಹೆಪ್ಪುಗಟ್ಟುತ್ತದೆ. ಇಡೀ ರಾತ್ರಿ ಫ್ರಿಜ್‌ನಲ್ಲಿಟ್ಟರೂ ತೆಳ್ಳಗೇ ಇದ್ದರೆ ಬೇರೆ ಎಣ್ಣೆ ಬೆರೆತಿರಬಹುದು ಅಂತ ಅನುಮಾನಪಡಬೇಕು. ಹೆಪ್ಪುಗಟ್ಟಿದ್ದು ಕೆಟ್ಟಿದೆ ಅಂತ ಎಸೆಯಬೇಡಿ, ಹೊರಗಿಟ್ಟರೆ ಮೊದಲಿನಂತೆ ಆಗುತ್ತದೆ.

ಚರ್ಮದ ಜಿಡ್ಡಿನಲ್ಲೂ ಮೇಣದಂಥ ಅಂಶ ಇರುವುದರಿಂದ ಜೊಜೊಬಾ ಹಚ್ಚಿದರೆ ಚರ್ಮ ಮೋಸಹೋಗಿ ಜಿಡ್ಡು ಬಿಡುವುದು ನಿಲ್ಲಿಸುತ್ತದಂತೆ. ಕೇಳಲು ಚೆನ್ನಾಗಿದೆ. ಆದರೆ ಜಿಡ್ಡಿನ ಗ್ರಂಥಿಗಳು ನಡೆಯುವುದು ಮುಖ್ಯವಾಗಿ ಹಾರ್ಮೋನ್ ಮಾತಿಗೆ. ಮೇಲೆ ಏನು ಹಚ್ಚಿದ್ದಾರೆ ಅಂತ ಅವು ಎಣಿಸುತ್ತಾ ಕೂರುವುದಿಲ್ಲ.

ಮಿನರಲ್ ಆಯಿಲ್ ಬಗ್ಗೆ ಇರುವಷ್ಟು ಭಯ ಯಾವುದಕ್ಕೂ ಇಲ್ಲ. ಪೆಟ್ರೋಲಿಯಂನಿಂದ ಬರುತ್ತದೆ, ರಂಧ್ರ ಮುಚ್ಚಿ ಮೊಡವೆ ತರುತ್ತದೆ, ಕ್ಯಾನ್ಸರ್ ತರುತ್ತದೆ ಅಂತ. ಪೆಟ್ರೋಲಿಯಂನಿಂದ ಬರುವುದು ನಿಜ. ಕ್ಯಾನ್ಸರ್ ಭಯ ಇರುವುದು ಕಾರ್ಖಾನೆಗಳಲ್ಲಿ ಬಳಸುವ, ಸರಿಯಾಗಿ ಸಂಸ್ಕರಿಸದ ಎಣ್ಣೆಗಳಿಗೆ. ಮುಖಕ್ಕೆ ಬರುವುದು ಔಷಧಿ ಮಟ್ಟಕ್ಕೆ ಸಂಸ್ಕರಿಸಿದ್ದು. ಮೊಡವೆ ವಿಷಯ ಶುರುವಾಗಿದ್ದು ಮೊಲದ ಕಿವಿಯಿಂದ. 1970ರ ದಶಕದಲ್ಲಿ ಸೌಂದರ್ಯ ಸಾಮಗ್ರಿಗಳನ್ನು ಮೊಲದ ಕಿವಿಯ ಒಳಗೆ ಹಚ್ಚಿ ಪರೀಕ್ಷಿಸುತ್ತಿದ್ದರು. ಆ ಚರ್ಮದ ರಂಧ್ರ ಮನುಷ್ಯರ ಮುಖದ್ದಕ್ಕಿಂತ ಬಹಳ ಬೇಗ ಕಟ್ಟಿಕೊಳ್ಳುತ್ತದೆ. ಮನುಷ್ಯರ ಮೇಲೆ ನೋಡಿದಾಗ ಶುದ್ಧ ಮಿನರಲ್ ಆಯಿಲ್‌ಗೆ ಆ ಆರೋಪ ನಿಲ್ಲಲಿಲ್ಲ. ಅದು ಚರ್ಮದ ಮೇಲ್ಪದರದಲ್ಲೇ ಉಳಿದು ನೀರು ಆರಿಹೋಗದಂತೆ ತಡೆಯುತ್ತದೆ. ಜಿಡ್ಡು ಜಿಡ್ಡು ಅನ್ನಿಸುತ್ತದೆ, ಅದು ನನಗಂತೂ ಹಗಲಿಗೆ ಇಷ್ಟ ಇಲ್ಲ. ಆದರೆ ಒಡೆದ ಚರ್ಮಕ್ಕೆ ಸುಗಂಧ ಸೇರಿಸದ ಮಿನರಲ್ ಆಯಿಲ್‌ಗಿಂತ ತಂಟೆಯಿಲ್ಲದ್ದು ಸಿಗುವುದು ಕಷ್ಟ.

ಸ್ಕ್ವಾಲೇನ್‌ಗೆ ಹೆಸರಿನದೇ ತೊಂದರೆ. ನಮ್ಮ ಚರ್ಮದ ಜಿಡ್ಡಿನಲ್ಲಿ ಇರುವುದು ಸ್ಕ್ವಾಲೀನ್, 'ಲೇ' ಅಲ್ಲ 'ಲೀ', ಹತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ಆರು ಜೋಡಿ ಬಂಧ, ಕೆಟ್ಟಾಗ ರಂಧ್ರ ಕಟ್ಟಿಸುವುದು ಅದೇ. ಆ ಆರಕ್ಕೂ ಹೈಡ್ರೋಜನ್ ಸೇರಿಸಿದರೆ ಬಾಟ್ಲಿಯ ಸ್ಕ್ವಾಲೇನ್. ಕೆಡುವ ಜಾಗವೇ ಉಳಿಯಲಿಲ್ಲ. ಒಂದರ ದೋಷ ಇನ್ನೊಂದಕ್ಕೆ ಹಚ್ಚಬೇಡಿ. ಎಲ್ಲವೂ ಶಾರ್ಕ್ ಯಕೃತ್ತಿನದು ಅನ್ನುವುದು ಹಳೆಯ ಮಾತು. ಈಗ ಆಲಿವ್‌ನಿಂದಲೂ ಕಬ್ಬಿನ ಸಕ್ಕರೆ ಹುದುಗಿಸಿಯೂ ಮಾಡುತ್ತಾರೆ, ಲೇಬಲ್‌ನಲ್ಲಿ ಮೂಲ ನೋಡಿ ತೆಗೆದುಕೊಳ್ಳಿ.

ವಿಡಿಯೋ ಶುರು ಮಾಡುವಾಗ ಜೊಜೊಬಾಗೆ ನನ್ನ ಮತ ಇತ್ತು. ಎಡಿಟ್ ಮಾಡುವ ಹೊತ್ತಿಗೆ ಸ್ಕ್ವಾಲೇನ್‌ಗೆ ಹೋಗಿದೆ. ಮುಖ ತೊಳೆದ ಶಾಟ್ ಬಂತು, ಬೇಗ ಹೇಳಿಬಿಡುತ್ತೇನೆ: ಎಣ್ಣೆಯಲ್ಲಿ ನೀರಿಲ್ಲ, ಆದ್ದರಿಂದ ತೊಳೆದು ಒಣಗಿದ ಮುಖಕ್ಕೆ ಬೇಡ. ತೇವ ಇರುವಾಗಲೇ ಎರಡು ಮೂರು ಹನಿ ಒತ್ತಿ ಹಚ್ಚುವುದು. ಹೊಸ ಎಣ್ಣೆಯಾದರೆ ಮೊದಲು ಕಿವಿಯ ಹಿಂದೆ ಕೆಲವು ದಿನ ಹಚ್ಚಿ ನೋಡಿ. ರೋಸ್‌ಹಿಪ್ ವಾಪಸ್ ಹೋಗುತ್ತಿದೆ. ಮುಂದಿನದು ಕಡು ಬಣ್ಣದ ಸಣ್ಣ ಬಾಟ್ಲಿ, ತೆರೆದ ತಾರೀಖು ಮಾರ್ಕರ್‌ನಲ್ಲಿ ಅದರ ಮೇಲೆ, ಜಾಗ ಫ್ರಿಜ್‌ನಲ್ಲಿ, ಆರು ತಿಂಗಳೊಳಗೆ ಖಾಲಿ.