ಹೆಚ್ಚುವರಿ ಪುಟಗಳ ಲೆಕ್ಕ: ಗ್ರಾಹಕರಿಗೆ ಬರೆಯಬೇಕಾದ ಒಂದು ಇಮೇಲ್

ಸ್ನೇಹಿತರೇ, ಪುಟವಿನ್ಯಾಸದ ಕೆಲಸದಲ್ಲಿರುವ ನಮಗೆಲ್ಲ ಬರೆಯಲು ಕೈಯೇ ಏಳದ ಇಮೇಲ್ ಒಂದಿದೆ. ‘ತಾವು ಈಗ ಕೇಳುತ್ತಿರುವುದು ಮೊದಲು ಮಾತಾದ ಕೆಲಸದಲ್ಲಿ ಸೇರಿಲ್ಲ, ಇದಕ್ಕೆ ಬೇರೆ ಹಣವಾಗುತ್ತದೆ’ ಎಂದು ತಿಳಿಸುವ ಇಮೇಲ್ ಅದು. ನಾನು ಒಮ್ಮೆ ಅದನ್ನು ಬರೆದ ಬಗೆಯನ್ನು ಇಂದು ತಮ್ಮ ಮುಂದಿಡುತ್ತೇನೆ.

ಅದೊಂದು ಅಭಿನಂದನ ಗ್ರಂಥ. 1/8 ಡೆಮಿ ಆಕಾರ, 240 ಪುಟ, ಪುಟಕ್ಕೆ 80 ರೂಪಾಯಿ, ಎರಡು ಸಲ ಕರಡು ತಿದ್ದುಪಡಿ ಎಂದು ಮಾತಾಗಿತ್ತು. ಸಂಪಾದಕರು ಎರಡನೆಯ ಕರಡನ್ನು ನೋಡಿ ‘ಅಚ್ಚಿಗೆ ಹೋಗಬಹುದು’ ಎಂದು ಬರೆದುಕೊಟ್ಟ ನಾಲ್ಕನೆಯ ದಿನ ಒಂಬತ್ತು ಪುಟದ ಹೊಸ ಲೇಖನವೊಂದು ಬಂತು. ಅದನ್ನು 63ನೆಯ ಪುಟದಿಂದ ಸೇರಿಸಬೇಕು, ಉಳಿದದ್ದನ್ನು ಹೇಗೂ ಕಂಪ್ಯೂಟರೇ ಸರಿಸಿಕೊಳ್ಳುತ್ತದಲ್ಲ ಎಂಬ ಒಕ್ಕಣೆಯೂ ಜೊತೆಗಿತ್ತು.

ಸಂಪಾದಕರ ಮೇಲೆ ನನಗೇನೂ ಸಿಟ್ಟು ಬರಲಿಲ್ಲ. ಅವರ ಕಣ್ಣಿಗೆ ಕಾಣುವುದು ಒಂಬತ್ತು ಪುಟ ಮಾತ್ರ. ಆ ಲೆಕ್ಕದಲ್ಲಿ 720 ರೂಪಾಯಿ ಕೊಟ್ಟರೆ ಮುಗಿಯಿತು. ಕಾಣದ ಕೆಲಸ ಬೇರೆಯಿತ್ತು. ಪ್ರತಿ ಲೇಖನವೂ ಬಲಗಡೆಯ, ಅಂದರೆ ಬೆಸ ಸಂಖ್ಯೆಯ ಪುಟದಲ್ಲೇ ಆರಂಭವಾಗಬೇಕೆಂದು ನಾವು ಮೊದಲೇ ಗೊತ್ತುಮಾಡಿಕೊಂಡಿದ್ದೆವು. ಒಂಬತ್ತು ಪುಟ ಸೇರಿದರೆ ಮುಂದಿನ ಲೇಖನಗಳೆಲ್ಲ ಎಡಕ್ಕೆ ಬೀಳುತ್ತವೆ. ಆದ್ದರಿಂದ ಒಂದು ಪುಟ ಖಾಲಿ ಬಿಟ್ಟು, ಹಳೆಯ 63ನ್ನು 73 ಮಾಡಬೇಕು. ಅಕ್ಷರಗಳೇನೋ ತಾವಾಗಿಯೇ ಸರಿಯುತ್ತವೆ, ನಿಜ. ಆದರೆ ಚಿತ್ರ, ಅಡಿಟಿಪ್ಪಣಿ, ಪುಟದ ತಳದಲ್ಲಿ ಒಂಟಿಯಾಗಿ ಉಳಿಯುವ ಉಪಶೀರ್ಷಿಕೆ ಇವೆಲ್ಲ ನೆಟ್ಟಗೆ ಕುಳಿತಿವೆಯೇ ಎಂದು 178 ಪುಟಗಳನ್ನೂ ಕಣ್ಣಿನಿಂದಲೇ ನೋಡಬೇಕು. ಪದಸೂಚಿಯನ್ನು ನಾವು ಕೈಯಿಂದ ಮಾಡಿದ್ದೆವು. ಅದರಲ್ಲಿ 62ರ ನಂತರದ ಪ್ರತಿ ಪುಟಸಂಖ್ಯೆಯೂ ತಪ್ಪಾಗುತ್ತದೆ. ಪುಸ್ತಕ ದಪ್ಪವಾದಷ್ಟು ಅದರ ಬೆನ್ನು ಅಗಲವಾಗುವುದರಿಂದ ಮುಖಪುಟವನ್ನೂ ಮತ್ತೆ ಅಳೆಯಬೇಕು. ಇನ್ನು ಮುದ್ರಣಾಲಯದಲ್ಲಿ, 16 ಪುಟದ 15 ಫಾರಂಗಳಿಗೆ ಸರಿಯಾಗಿ ಮುಗಿಯುತ್ತಿದ್ದ ಪುಸ್ತಕ 250 ಪುಟವಾಗಿ 16ನೆಯ ಫಾರಂ ಬೇಡುತ್ತದೆ; ಅದರ ಖರ್ಚಿನ ಲೆಕ್ಕ ಕೊಡುವವರು ಮುದ್ರಣಾಲಯದವರೇ.

ನನ್ನ ಇಮೇಲಿನ ತಿರುಳು ಹೀಗಿತ್ತು:

‘ಮಾನ್ಯರೇ, ಹೊಸ ಲೇಖನ ತಲುಪಿದೆ. ನಮ್ಮ ಒಪ್ಪಂದ 240 ಪುಟ ಮತ್ತು ಎರಡು ಕರಡುಗಳಿಗೆ ಆಗಿದ್ದು, ಎರಡನೆಯ ಕರಡಿಗೆ ತಾವು ಒಪ್ಪಿಗೆ ನೀಡಿದ್ದೀರಿ. ಲೇಖನವನ್ನು 63ನೆಯ ಪುಟದಿಂದ ಸೇರಿಸುವುದಾದರೆ ಹೊಸ ಪುಟಗಳಿಗೆ 720, ಸರಿಯುವ 178 ಪುಟಗಳ ಪರಿಶೀಲನೆಗೆ ಪುಟಕ್ಕೆ 10ರಂತೆ 1,780, ಪದಸೂಚಿಗೆ 1,500, ಮುಖಪುಟಕ್ಕೆ 600, ಒಟ್ಟು 4,600 ರೂಪಾಯಿ ಮತ್ತು ಮೂರು ದಿನ ಬೇಕಾಗುತ್ತದೆ. ಪದಸೂಚಿಗೆ ಮುಂಚೆ ಅನುಬಂಧವಾಗಿ ಸೇರಿಸಿದರೆ ಹಿಂದಿನ ಪುಟಗಳು ಕದಲುವುದಿಲ್ಲ. ಹೊಸ ಪುಟಗಳ 720, ಮುಖಪುಟದ 600ರ ಜೊತೆ ಪದಸೂಚಿಗೆ ಹೊಸ ಪದಗಳನ್ನು ಸೇರಿಸುವ 300 ರೂಪಾಯಿಯೂ ಕೂಡಿ 1,620 ಆಗುತ್ತದೆ, ಒಂದು ದಿನ ಸಾಕು. ಹೆಚ್ಚುವರಿ ಫಾರಂನ ವೆಚ್ಚವನ್ನು ಮುದ್ರಣಾಲಯದವರು ಪ್ರತ್ಯೇಕವಾಗಿ ತಿಳಿಸುತ್ತಾರೆ. 118ನೆಯ ಪುಟದಲ್ಲಿ ತಾವು ಗುರುತಿಸಿದ ಅಕ್ಷರದೋಷ ನಮ್ಮದೇ ಆದ್ದರಿಂದ ಅದಕ್ಕೆ ಶುಲ್ಕವಿಲ್ಲ. ಯಾವ ಕ್ರಮ ತಮಗೆ ಒಪ್ಪಿಗೆ ಎಂದು ಉತ್ತರಿಸಿದ ಕೂಡಲೇ ಕೆಲಸ ಆರಂಭಿಸುತ್ತೇವೆ.’

ಇದರಲ್ಲಿ ಕ್ಷಮೆಯೂ ಇಲ್ಲ, ದೂರೂ ಇಲ್ಲ. ನಾನು ಬೇಕೆಂದೇ ಸೇರಿಸಿದ ವಾಕ್ಯವೆಂದರೆ ಅಕ್ಷರದೋಷದ್ದು. ನಮ್ಮ ತಪ್ಪಿನ ತಿದ್ದುಪಡಿಯನ್ನೂ ಅವರ ಹೊಸ ಸೇರ್ಪಡೆಯನ್ನೂ ಬೇರೆ ಬೇರೆ ಬಣ್ಣದ ಶಾಯಿಯಲ್ಲಿ ಕರಡಿನ ಮೇಲೆಯೇ ಗುರುತಿಸಿಟ್ಟುಕೊಳ್ಳದವರಿಗೆ ಈ ವಾಕ್ಯ ಬರೆಯಲಾಗುವುದಿಲ್ಲ. ಆಗ ಎರಡೂ ಕಲಸಿಹೋಗಿ, ಬಿಲ್ಲಿನ ಪ್ರತಿ ಸಾಲಿಗೂ ಚರ್ಚೆ ಹತ್ತಿಕೊಳ್ಳುತ್ತದೆ.

ಇಮೇಲ್ ಕೆಲಸಕ್ಕೆ ಮುಂಚೆಯೇ ಹೋಗಬೇಕು. ಹಿಂದೊಮ್ಮೆ ಇನ್ನೊಂದು ಪುಸ್ತಕದಲ್ಲಿ ‘ಎರಡೇ ಪುಟ ತಾನೆ’ ಎಂದು ಸುಮ್ಮನೆ ಸೇರಿಸಿಕೊಟ್ಟೆ. ಮುಂದಿನ ವಾರ ಬಂದ ಆರು ಪುಟಕ್ಕೆ ಹಣ ಕೇಳಿದಾಗ, ‘ಮೊನ್ನೆ ಕೇಳಲಿಲ್ಲವಲ್ಲ’ ಎಂಬ ಉತ್ತರಕ್ಕೆ ನನ್ನಲ್ಲಿ ಮಾತಿರಲಿಲ್ಲ. ಈಗ ಉಚಿತವಾಗಿ ಮಾಡಿಕೊಟ್ಟದ್ದನ್ನೂ ಬಿಲ್ಲಿನಲ್ಲಿ ಬರೆದು, ಎದುರಿಗೆ ಸೊನ್ನೆ ಹಾಕುತ್ತೇನೆ. ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಮಾಡಿಕೊಟ್ಟ ಕೆಲಸದ ಲಾಭ ಪಡೆದವರು ಪರಿಹಾರ ಕೊಡಬೇಕೆಂದು 1872ರ ಭಾರತೀಯ ಕರಾರು ಅಧಿನಿಯಮದ 70ನೆಯ ಪ್ರಕರಣ ಹೇಳುತ್ತದೆ, ಸರಿ. ಆದರೆ ಎರಡು ಸಾವಿರ ರೂಪಾಯಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವವರು ಯಾರು? ಅದನ್ನು ಇಮೇಲಿನಲ್ಲಿ ಎತ್ತಿದರೆ ಗ್ರಾಹಕರು ದೂರವಾಗುವುದು ಮಾತ್ರ ಖಂಡಿತ.

ಸಂಪಾದಕರು ಆ ಸಂಜೆಯೇ ಫೋನ್ ಮಾಡಿ, ‘ಅನುಬಂಧ ಮಾಡಿಬಿಡಿ’ ಎಂದರು. ಅದನ್ನೇ ಒಂದು ಸಾಲಿನಲ್ಲಿ ಬರೆದು ಕಳಿಸುವಂತೆ ಕೇಳಿಕೊಂಡೆ. ಆ ಸಾಲು ಬಂದದ್ದು ಮರುದಿನ ಹನ್ನೊಂದು ಗಂಟೆಗೆ. ಅಲ್ಲಿಯವರೆಗೂ ಆ ಫೈಲನ್ನು ನಾನು ತೆರೆಯಲಿಲ್ಲ.