ಡ್ರಮ್ಮು ತೊಳೆಯಿರಿ ಅಂದ್ರೆ ಸಾಲದು

ಎಲ್ಲರಿಗೂ ನಮಸ್ಕಾರ. ಮಳೆಗಾಲ ಬಂತು. ದಾವಣಗೆರೆಯ ವಾರ್ಡ್ ಸಭೆಗಳಲ್ಲಿ ಡೆಂಗಿ ಬಗ್ಗೆ ಮಾತಾಡಲು ಹೊರಟವರು ನೀವು. ಇಂಥ ಕಡೆ ಓದುವ ಹಾಳೆ ಹೇಗಿರುತ್ತೆ ಅನ್ನೋದಕ್ಕೆ ಒಂದು ಸಾಲು ಬರೆದು ತಂದಿದ್ದೇನೆ, ಕೇಳಿ:

“ಈಡಿಸ್ ಸೊಳ್ಳೆಯ ಉತ್ಪತ್ತಿ ತಾಣಗಳನ್ನು ನಾಶಪಡಿಸುವ ನಿಟ್ಟಿನಲ್ಲಿ ಸಾರ್ವಜನಿಕರು ನಿರ್ಲಕ್ಷ್ಯ ತೋರದೆ ನೀರಿನ ಸಂಗ್ರಹಣಾ ಪರಿಕರಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಸ್ವಚ್ಛಗೊಳಿಸತಕ್ಕದ್ದು.”

ಓದುವಷ್ಟರಲ್ಲಿ ಉಸಿರೇ ಮುಗೀತು, ಅಲ್ವಾ? ಕಷ್ಟದ ಪದ ತೆಗೆದು ಸುಲಭದ್ದು ಹಾಕಿದರೆ ಸರಿಹೋಗುತ್ತೆ ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ಇಲ್ಲಿ ಅಷ್ಟು ಸಾಲದು. ‘ನಿರ್ಲಕ್ಷ್ಯ’ ಅಂದ ತಕ್ಷಣ ಮುಂದೆ ಕೂತ ಹೆಂಗಸರಿಗೆ ಬೈದ ಹಾಗಾಗುತ್ತೆ. ನಲ್ಲಿ ನೀರು ದಿನಾ ಬರದಿದ್ದರೆ ಅವರು ಹಿಡಿದಿಡದೆ ಏನು ಮಾಡಬೇಕು? ಅದನ್ನೇ ಮೊದಲು ಒಪ್ಪಿಕೊಂಡು ಶುರು ಮಾಡಿ:

“ಅಕ್ಕಾ, ನೀರು ದಿನಾ ಬರಲ್ಲ, ಹಿಡಿದಿಡಲೇಬೇಕು. ನಮ್ಮನೇಲೂ ಡ್ರಮ್ಮು ಇದೆ. ಹಿಡಿದಿಡಿ, ಆದ್ರೆ ಬಿಗಿಯಾಗಿ ಮುಚ್ಚಿಡಿ. ವಾರಕ್ಕೊಂದು ದಿನ ನೀರೆಲ್ಲ ಖಾಲಿ ಮಾಡಿ, ತೆಂಗಿನ ನಾರು ತಗೊಂಡು ಒಳಬದಿ ಚೆನ್ನಾಗಿ ಉಜ್ಜಿ. ಸೊಳ್ಳೆ ಮೊಟ್ಟೆ ಇಡೋದು ನೀರಿನ ಅಂಚಿಗೆ, ಡ್ರಮ್ಮಿನ ಗೋಡೆ ಮೇಲೆ. ನೀರು ಚೆಲ್ಲಿದ್ರೂ ಅದು ಅಲ್ಲೇ ಅಂಟಿಕೊಂಡಿರುತ್ತೆ.”

ಮೊದಲ ಸಾಲಿನ ‘ಸ್ವಚ್ಛಗೊಳಿಸಿ’ಯಲ್ಲಿ ಉಜ್ಜುವ ಮಾತೇ ಇರಲಿಲ್ಲ. ಬರೀ ನೀರು ಚೆಲ್ಲಿ ತೊಳೆದಾಯ್ತು ಅಂದುಕೊಂಡರೆ ಕೆಲಸ ಕೆಟ್ಟ ಹಾಗೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತೆ, ಮತ್ತೆ ನೀರು ತಾಗಿದರೆ ಒಡೆದು ಮರಿಯಾಗುತ್ತೆ. ಅದಕ್ಕೇ ಕಾರಣವನ್ನೂ ಸೇರಿಸಿದ್ದು. ಕಾರಣ ಗೊತ್ತಾದರೆ ಕೈ ತಾನಾಗಿ ಗೋಡೆಗೆ ಹೋಗುತ್ತೆ.

ಆತ್ಮೀಯವಾಗಿ ಬರೆಯುವ ಭರದಲ್ಲಿ ಒಂದು ಅನಾಹುತ ಆಗುತ್ತೆ. ‘ವಾರಕ್ಕೊಂದು ದಿನ’ ಹೋಗಿ ‘ಆಗಾಗ’ ಬಂದುಬಿಡುತ್ತೆ. ಕೇಳೋಕೆ ಹಿತ, ಆದರೆ ಲೆಕ್ಕ ತಪ್ಪುತ್ತೆ. ಮೊಟ್ಟೆ ಹಾರುವ ಸೊಳ್ಳೆ ಆಗೋಕೆ ಹೆಚ್ಚುಕಮ್ಮಿ 8ರಿಂದ 10 ದಿನ. ಅದಕ್ಕಿಂತ ಮುಂಚೆ ಉಜ್ಜಿದರಷ್ಟೇ ಲಾಭ. ‘ವಾರಕ್ಕೊಂದು ದಿನ’ ಅನ್ನೋದನ್ನು ಮಾತ್ರ ಬದಲಿಸಬೇಡಿ.

ಬರೆದಾದ ಮೇಲೆ ಪಕ್ಕದ ಮನೆಯವರಿಗೆ ಓದಿ ಹೇಳಿ, “ಈಗ ಏನು ಮಾಡ್ತೀರಿ?” ಅಂತ ಕೇಳಿ. “ನೀರು ಚೊಕ್ಕಟವಾಗಿ ಇಟ್ಕೊತೀವಿ” ಅಂದರೆ ಮತ್ತೆ ಬರೆಯಿರಿ. “ಭಾನುವಾರ ಡ್ರಮ್ಮು ಉಜ್ಜಬೇಕು” ಅಂದರೆ ಹಾಳೆ ಸರಿಯಾಗಿದೆ. ಸುಮ್ನೆ ತಲೆ ಆಡಿಸಿದರೆ ನಂಬಬೇಡಿ, ನಮ್ಮ ಕಡೆ ಮರ್ಯಾದೆಗೂ ತಲೆ ಆಡಿಸುತ್ತಾರೆ!

ಜ್ವರದ ಭಾಗಕ್ಕೆ ಬಂದಾಗ ತಮಾಷೆ, ಗಾದೆ ಎಲ್ಲ ಬದಿಗಿಡಿ. ಅಲ್ಲಿ ಮಾತು ನೇರವಾಗಿರಲಿ: “ಡೆಂಗಿ ಅನುಮಾನ ಇದ್ರೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವ ಜಾಸ್ತಿ ಆಗಬಹುದು. ಜ್ವರ ಇಳೀತು ಅಂತ ನಿರಾಳ ಆಗಬೇಡಿ. ಆಮೇಲೆ ಹೊಟ್ಟೆನೋವು ಜೋರಾದ್ರೆ, ವಾಂತಿ ನಿಲ್ಲದಿದ್ರೆ, ವಸಡಲ್ಲಿ ರಕ್ತ ಬಂದ್ರೆ, ಬೆಳಗಾಗಲಿ ಅಂತ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.” ಇಷ್ಟನ್ನು ನಿಧಾನವಾಗಿ, ಎರಡು ಸಲ ಓದಿ.