ಸಹಿ ಹಾಕದಿದ್ದರೆ ಏನಾಗುತ್ತದೆ?

ನಮಸ್ಕಾರ. ನಾನು ಮಡಿಕೇರಿಯಲ್ಲಿ ಕೆಲಸಗಾರರ ಕೇಸು ನೋಡುವವನು. ಒಂದು ಮಳೆಗಾಲದ ಸಂಜೆ ಕುಶಾಲನಗರದಿಂದ ಒಬ್ಬರು ಮನೆಗೆ ಬಂದರು. ಕೊಡೆ ಮಡಚುವ ಮೊದಲೇ ಅಂಗಿಯೊಳಗಿಂದ ಪ್ಲಾಸ್ಟಿಕ್ ಕವರು ತೆಗೆದು ಕೈಗಿಟ್ಟರು. ಒಳಗೆ ವಿಆರ್‌ಎಸ್ ಫಾರಂ, ಅಂದರೆ ಸ್ವಯಂ ನಿವೃತ್ತಿ ಅರ್ಜಿ. ಹೆಸರು, ತಾರೀಖು ಎಲ್ಲಾ ಮೊದಲೇ ಟೈಪ್ ಆಗಿತ್ತು. ಸಹಿ ಒಂದು ಬಾಕಿ.

ಅವರಿಗೆ 52 ವಯಸ್ಸು. ಕಾಫಿ ಕ್ಯೂರಿಂಗ್‌ನಲ್ಲಿ 24 ವರ್ಷದಿಂದ ಮೆಷಿನ್ ಆಪರೇಟರ್. ಮೂರು ಸಲ ಆಫೀಸಿಗೆ ಕರೆದಿದ್ದರಂತೆ. ಮೂರನೇ ಸಲ ಮ್ಯಾನೇಜರ್ ಹೇಳಿದ್ದು ಇಷ್ಟು: "ಶುಕ್ರವಾರದೊಳಗೆ ಸಹಿ ಹಾಕಿದರೆ ಎಲ್ಲಾ ಸೇರಿ 7 ಲಕ್ಷ. ಇಲ್ಲದಿದ್ದರೆ ಹೊರರಾಜ್ಯದ ಗೋಡೌನಿಗೆ ಟ್ರಾನ್ಸ್‌ಫರ್."

"ಸರ್, ಬೇಡ ಅನ್ನಬಹುದಾ?" ಅಂತ ಕೇಳಿದರು. ಅನ್ನಬಹುದು. ವಿಆರ್‌ಎಸ್‌ನಲ್ಲಿ ಕಂಪನಿ ಬರೀ ಕರೆಯುತ್ತದೆ, ಅರ್ಜಿ ಹಾಕುವುದು ನೌಕರ. ಅರ್ಜಿಯನ್ನೇ ಹಾಕದವರನ್ನು ಆ ಯೋಜನೆಯ ಹೆಸರಲ್ಲಿ ಮನೆಗೆ ಕಳಿಸಲು ಬರುವುದಿಲ್ಲ. ಬೇಡ ಅಂದದ್ದು ಶಿಸ್ತುಕ್ರಮಕ್ಕೆ ಕಾರಣವೂ ಆಗುವುದಿಲ್ಲ.

ಆದರೆ ಅವರ ತಲೆಯಲ್ಲಿ ಕೂತಿದ್ದು ಆ 7 ಲಕ್ಷ. ಸರಿ, ಕಾಗದ ತಗೊಂಡು ಲೆಕ್ಕ ಹಾಕಿದೆವು. ಮೂಲ ವೇತನ, ಡಿಎ ಸೇರಿ ತಿಂಗಳಿಗೆ 26,000. ಗ್ರಾಚುಟಿಗೆ ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು, ಅಂದರೆ ವರ್ಷಕ್ಕೆ 15,000. 24 ವರ್ಷಕ್ಕೆ 3,60,000. ಇದು ಹೇಗೂ ಅವರದ್ದೇ ಹಣ, ಯಾವತ್ತು ಕೆಲಸ ಬಿಟ್ಟರೂ ಸಿಗುತ್ತದೆ. ಹಾಗಾದರೆ ಕಂಪನಿ ಹೊಸದಾಗಿ ಕೊಡುತ್ತಿರುವುದು 3,40,000 ಮಾತ್ರ.

ಈಗ ಇನ್ನೊಂದು ಲೆಕ್ಕ. ಕಂಪನಿ ತಾನಾಗಿ, ಕೆಲಸ ಕಡಿಮೆ ಆಯಿತು ಅಂತ ತೆಗೆದಿದ್ದರೆ? ಅದಕ್ಕೆ ರಿಟ್ರೆಂಚ್‌ಮೆಂಟ್ ಅನ್ನುತ್ತಾರೆ. ಆಗ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳವನ್ನೂ ಕೊಡಬೇಕು. 13,000ದಂತೆ 24 ವರ್ಷಕ್ಕೆ 3,12,000, ಅದಕ್ಕೆ 26,000 ಸೇರಿಸಿ. 3,38,000! ಕಾನೂನು ಹೇಗೂ ಕೊಡಿಸುತ್ತಿದ್ದ ದುಡ್ಡಿಗೆ ಎರಡು ಸಾವಿರ ಸೇರಿಸಿ, ಭಾರೀ ಆಫರ್ ಅಂತ ಕೊಡುತ್ತಿದ್ದರು. ನನಗಂತೂ ನಗು ಬಂತು, ಪಾಪ ಅವರಿಗೆ ಬರಲಿಲ್ಲ.

ರಿಟ್ರೆಂಚ್‌ಮೆಂಟ್ ಮಾಡುವಾಗ ಅದೇ ದರ್ಜೆಯಲ್ಲಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು, ಬೇರೆ ರೀತಿ ಮಾಡಿದರೆ ಕಾರಣ ಬರೆದಿಡಬೇಕು. ಹಳೇ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಈ ನಿಯಮ ಇತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. 24 ವರ್ಷದ ಸರ್ವೀಸ್ ಇರುವವರು ಸಾಲಿನ ತುದಿಯಲ್ಲಿ ನಿಲ್ಲುತ್ತಾರೆ. ಅವರನ್ನು ಹೀಗೆ ತೆಗೆಯುವುದು ಕಷ್ಟ ಅಂತಲೇ ಈ ಫಾರಂ ಅಲ್ವಾ? ಹಾಗಂತ ಬೇಡ ಅಂದರೆ ಕೆಲಸ ಗಟ್ಟಿ ಅಂತಲ್ಲ. ನಿಯಮ ಪಾಲಿಸಿ ತೆಗೆದರೆ ತಡೆಯುವುದು ಕಷ್ಟ.

ಟ್ರಾನ್ಸ್‌ಫರ್ ಬೆದರಿಕೆಗೆ ಬರೋಣ. ನೇಮಕಾತಿ ಪತ್ರದಲ್ಲಿ ವರ್ಗಾವಣೆಯ ಷರತ್ತು ಇದ್ದರೆ ವರ್ಗಾವಣೆ ಮಾಡುವ ಹಕ್ಕು ಕಂಪನಿಗೆ ಇದೆ. ಆದರೆ ಕೆಲಸದ ಅಗತ್ಯದ ನೆಪ ಹೇಳಿ ದುರುದ್ದೇಶದಿಂದ ಮಾಡಿದರೆ ಅದು ಅನುಚಿತ ಕಾರ್ಮಿಕ ಪದ್ಧತಿ. ದುರುದ್ದೇಶ ತೋರಿಸುವುದು ಹೇಗೆ? ತಾರೀಖುಗಳಿಂದ. ಅದಕ್ಕೇ ಅವರಿಂದ ಅದೇ ರಾತ್ರಿ ಕಾಗದ ಬರೆಸಿದೆ: ಇಂಥಿಂಥ ದಿನ ಕರೆದಿರಿ, ಹೀಗೆ ಹೇಳಿದಿರಿ, ನನಗೆ ಸ್ವಯಂ ನಿವೃತ್ತಿ ಬೇಡ, ಕೆಲಸ ಮುಂದುವರಿಸುತ್ತೇನೆ. ಅಷ್ಟೇ, ಬೈಗುಳ ಬೇಡ. ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ, ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ಇನ್ನೊಂದು ಪ್ರತಿ ಮಡಿಕೇರಿಯ ಕಾರ್ಮಿಕ ಅಧಿಕಾರಿಗೆ ಕೊಡಿ ಅಂದೆ. ಅದರ ಮರುವಾರವೇ ಆರ್ಡರ್ ಬಂದರೆ ಅದರ ಬಣ್ಣ ತಾನಾಗಿ ಬಯಲಾಗುತ್ತದೆ. ಆರ್ಡರ್ ಬಂದಾಗ ಮಾತ್ರ ಸಿಟ್ಟಿನಲ್ಲಿ ಮನೆಯಲ್ಲಿ ಕೂರಬಾರದು. ಹಾಗೆ ಕೂತರೆ ಗೈರುಹಾಜರಿ ಅಂತ ಬೇರೆ ಕೇಸು ಹುಟ್ಟುತ್ತದೆ. ತಕರಾರು ಬರೆದುಕೊಟ್ಟು, ತಡೆ ಸಿಗುವ ತನಕ ಹಾಜರಾಗುವುದೇ ಕ್ಷೇಮ.

ಈಗಾಗಲೇ ಸಹಿ ಹಾಕಿದವರು ಕೇಳುತ್ತಿದ್ದರೆ, ಕಂಪನಿ ಒಪ್ಪಿಗೆ ತಿಳಿಸುವ ಮೊದಲು ಸಾಮಾನ್ಯವಾಗಿ ಅರ್ಜಿ ವಾಪಸ್ ಪಡೆಯಬಹುದು. ಬ್ಯಾಂಕ್ ಆಫ್ ಇಂಡಿಯಾ ಮತ್ತು ಸ್ವರ್ಣಕಾರ್ ನಡುವಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಆದರೆ ಹಣ ಖಾತೆಗೆ ಬಂದು, ಅದನ್ನು ತೆಗೆದು ಖರ್ಚು ಮಾಡಿದ ಮೇಲೆ 'ಬಲವಂತ ಮಾಡಿದರು' ಅಂದರೆ ಕೋರ್ಟು ಕಿವಿಗೊಡುವುದು ಅಪರೂಪ. ನಿಜವಾಗಿ ಬಲವಂತ ನಡೆದಿದ್ದರೆ ಕೂಡಲೇ ಬರೆಯಬೇಕು, ಹಣ ಮುಟ್ಟಬಾರದು. ಮ್ಯಾನೇಜರ್ ದರ್ಜೆಯವರಿಗೆ ಕಾರ್ಮಿಕ ಇಲಾಖೆಯ ದಾರಿ ಸಾಮಾನ್ಯವಾಗಿ ಇಲ್ಲ, ಅವರು ವಕೀಲರನ್ನು ನೋಡಬೇಕು.

ಕುಶಾಲನಗರದವರು ಶುಕ್ರವಾರ ಸಹಿ ಹಾಕಲಿಲ್ಲ, ಕಾಗದ ಕೊಟ್ಟರು. ಹದಿನೈದು ದಿನ ಬಿಟ್ಟು ಮ್ಯಾನೇಜರ್ ಮತ್ತೆ ಕರೆದರಂತೆ. ಈ ಸಲ ಗ್ರಾಚುಟಿ ಬಿಟ್ಟು, ಅದರ ಮೇಲೆ 7 ಲಕ್ಷ ಅಂದರಂತೆ. ಇವರು ಯೋಚನೆ ಮಾಡಿ ಹೇಳುತ್ತೇನೆ ಅಂತ ಹೇಳಿ ಶಿಫ್ಟಿಗೆ ಹೋದರು.